ಹಳೆಯ ಅನುಭವಕ್ಕೆ ಹೊಸ ಜೋಡಣೆ

ಹಾಸನದ ನಮ್ಮ ಪರಿಚಿತ ಶಿಕ್ಷಕಿಯೊಬ್ಬರು ಎರಡು ಖಾಸಗಿ ಪ್ರೌಢಶಾಲೆಗಳಲ್ಲಿ ಒಟ್ಟು 19 ವರ್ಷ ಗಣಿತ ಪಾಠ ಮಾಡಿದವರು. ಮಕ್ಕಳ ಸಂಖ್ಯೆ ಇಳಿಯುತ್ತ ಬಂದು 2025ರಲ್ಲಿ ಅವರ ಶಾಲೆಯ ಪ್ರೌಢ ವಿಭಾಗವೇ ಮುಚ್ಚಿತು. ಮಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ. ಹೊಸ ಕೆಲಸ ಹುಡುಕದೆ ವಿಧಿಯಿರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಒಂದು ಜಾಹೀರಾತು. ಶಾಲೆಗಳ ಹಾಜರಾತಿ, ಅಂಕಪಟ್ಟಿ, ಶುಲ್ಕದ ಲೆಕ್ಕ ಇಡುವ ಸಾಫ್ಟ್‌ವೇರ್ ಮಾರುವ ಕಂಪನಿಯೊಂದಕ್ಕೆ ತರಬೇತುದಾರರು ಬೇಕಿದ್ದರು. ಊರೂರಿನ ಶಾಲೆಗಳಿಗೆ ಹೋಗಿ ಅಲ್ಲಿನ ಶಿಕ್ಷಕರಿಗೆ, ಗುಮಾಸ್ತರಿಗೆ ಅದನ್ನು ಬಳಸಲು ಕಲಿಸುವ ಕೆಲಸ. ‘ಇದು ನನ್ನಿಂದಾಗುತ್ತದೆ’ ಎಂದು ಬಯೋಡೇಟಾ ಕಳಿಸಿದರು. ಉತ್ತರ ಬರಲಿಲ್ಲ. ಅಂಥದ್ದೇ ಇನ್ನೆರಡು ಕಡೆಗೂ ಕಳಿಸಿದರು. ಅಲ್ಲಿಂದಲೂ ಮೌನ.

ಕೊನೆಗೆ ಮಗ ಆ ಹಾಳೆಯನ್ನು ಕೈಗೆತ್ತಿಕೊಂಡು ಓದಿದ. “ಅಮ್ಮ, ಇದನ್ನ ಓದಿದ್ರೆ ನೀನು ಇನ್ನೊಂದು ಶಾಲೇಲಿ ಗಣಿತ ಟೀಚರ್ ಕೆಲಸ ಕೇಳ್ತಾ ಇದ್ದೀಯ ಅನ್ಸುತ್ತೆ” ಎಂದ.

ಹುಡುಗ ರೋಗವನ್ನು ಸರಿಯಾಗಿಯೇ ಗುರುತಿಸಿದ್ದ. ನಾವೆಲ್ಲ ಬರೆಯುವ ರೆಸ್ಯೂಮೆ ಕಾಲಾನುಕ್ರಮದ್ದು. ಇತ್ತೀಚಿನ ಕೆಲಸ ಮೇಲೆ, ಹಳೆಯದು ಕೆಳಗೆ. ಒಂದೇ ಕ್ಷೇತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದವರಿಗೆ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ಆದರೆ ಕ್ಷೇತ್ರವನ್ನೇ ಬದಲಿಸುವವರಿಗೆ ಇದು ತೊಡಕು. ಹಾಳೆಯ ಮೇಲ್ಭಾಗದಲ್ಲಿ, ಓದುವವನ ಕಣ್ಣು ಮೊದಲು ಬೀಳುವ ಜಾಗದಲ್ಲಿ, ಅವನಿಗೆ ಬೇಡದ ಹುದ್ದೆಯ ಹೆಸರು ಕೂತಿರುತ್ತದೆ. ಅಂಥವರು ಕೌಶಲಗಳನ್ನು ಮೇಲಕ್ಕೆ ತಂದು, ಹುದ್ದೆಗಳನ್ನು ಕೆಳಕ್ಕೆ ಇಳಿಸಬೇಕಾಗುತ್ತದೆ.

ತಾಯಿ, ಮಗ ಇಬ್ಬರೂ ಕೂತು ಮಾಡಿದ ಮೊದಲ ಕೆಲಸ, ಜಾಹೀರಾತಿನಲ್ಲಿ ಕಂಪನಿ ಕೇಳಿದ್ದನ್ನು ಕೆಂಪು ಪೆನ್ನಿನಿಂದ ಗೆರೆ ಎಳೆದು ಗುರುತಿಸಿದ್ದು. ನಾಲ್ಕು ಸಂಗತಿಗಳು ಸಿಕ್ಕವು: ದೊಡ್ಡವರಿಗೆ ತರಬೇತಿ ಕೊಡುವುದು, ಕಲಿಕೆಯ ಕೈಪಿಡಿ ತಯಾರಿಸುವುದು, ಎಕ್ಸೆಲ್‌ನಲ್ಲಿ ವರದಿ ಮಾಡುವುದು, ಹಲವರ ವೇಳಾಪಟ್ಟಿ ಹೊಂದಿಸುವುದು.

ಎರಡನೆಯದು, ಒಂದು ನೋಟ್‌ಬುಕ್‌ನಲ್ಲಿ ವರ್ಷವಾರು ಮಾಡಿದ ಕೆಲಸಗಳನ್ನೆಲ್ಲ ಬರೆದದ್ದು. ಹುದ್ದೆಯ ಹೆಸರಲ್ಲ, ಕೈಯಾರೆ ಮಾಡಿದ ಕೆಲಸ. ಇದಕ್ಕೆ ಎರಡು ಸಂಜೆ ಹಿಡಿಯಿತು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದ್ದಾಗ 16 ಮಂದಿ ಸಹೋದ್ಯೋಗಿಗಳಿಗೆ ಗೂಗಲ್ ಮೀಟ್‌ನಲ್ಲಿ ಪಾಠ ಮಾಡುವುದನ್ನು ಇವರೇ ಕಲಿಸಿಕೊಟ್ಟಿದ್ದರು. ಅದಕ್ಕೆಂದು ಚಿತ್ರಸಹಿತ 6 ಪುಟಗಳ ಕನ್ನಡ ಕೈಪಿಡಿ ಮಾಡಿದ್ದರು. 400 ಮಕ್ಕಳ ಅಂಕಗಳನ್ನು ಎಕ್ಸೆಲ್‌ಗೆ ತಂದಿದ್ದರು. 12 ವಿಭಾಗಗಳ ವೇಳಾಪಟ್ಟಿ ಪ್ರತಿ ಜೂನ್‌ನಲ್ಲಿ ಇವರದೇ ಹೊಣೆ. ಹಳೆಯ ಬಯೋಡೇಟಾದಲ್ಲಿ ಇದ್ಯಾವುದೂ ಇರಲಿಲ್ಲ! ಅಲ್ಲಿದ್ದದ್ದು “8, 9, 10ನೇ ತರಗತಿಗಳಿಗೆ ಗಣಿತ ಬೋಧನೆ” ಎಂಬ ಒಂದೇ ಸಾಲು.

ಮೂರನೆಯದು ವಿಂಗಡಣೆ. ಕಂಪನಿ ಕೇಳಿದ ನಾಲ್ಕು ಸಂಗತಿಗಳೇ ನಾಲ್ಕು ಶೀರ್ಷಿಕೆಗಳಾದವು. ನೋಟ್‌ಬುಕ್‌ನ ಕೆಲಸಗಳನ್ನು ಆರಿಸಿ ಒಂದೊಂದರ ಕೆಳಗೆ ಎರಡು ಮೂರು ಸಾಲು ಹಾಕಿದರು. ಯಾವ ಶೀರ್ಷಿಕೆಗೂ ಸೇರದ್ದನ್ನು, ಅದು ಎಷ್ಟೇ ಹೆಮ್ಮೆಯದಾದರೂ, ಕೈಬಿಟ್ಟರು. ಥ್ರೋಬಾಲ್ ತಂಡಕ್ಕೆ ಬಂದ ಬಹುಮಾನ ಹೀಗೆ ಹೊರಗುಳಿಯಿತು.

ಸಾಲು ಬರೆಯುವ ರೀತಿಯೇ ಇಲ್ಲಿ ಮುಖ್ಯ. ಮಗ ಮೊದಲು ಬರೆದದ್ದು “ಉತ್ತಮ ತರಬೇತಿ ಕೌಶಲ, ಕಂಪ್ಯೂಟರ್ ಜ್ಞಾನ” ಎಂದು. ಇದನ್ನು ಯಾರು ಬೇಕಾದರೂ ಬರೆಯಬಹುದು, ಹಾಗಾಗಿ ಯಾರೂ ನಂಬುವುದಿಲ್ಲ. ತಿದ್ದಿದ ಮೇಲೆ ಅದು ಹೀಗಾಯಿತು: “ಆನ್‌ಲೈನ್ ಪಾಠದ ಅನುಭವವೇ ಇಲ್ಲದ 16 ಶಿಕ್ಷಕರಿಗೆ ಎರಡು ವಾರ ಸಂಜೆ ತರಬೇತಿ ಕೊಟ್ಟೆ, ಎಲ್ಲರೂ ಸ್ವತಂತ್ರವಾಗಿ ಪಾಠ ಆರಂಭಿಸಿದರು (ಹಾಸನದ ಶಾಲೆ, 2020).” ಏನು ಮಾಡಿದೆ, ಎಷ್ಟು ಮಂದಿಗೆ, ಫಲವೇನು, ಎಲ್ಲಿ, ಯಾವಾಗ ಎಂಬುದೆಲ್ಲ ಒಂದೇ ಸಾಲಿನಲ್ಲಿದೆ. ಎಕ್ಸೆಲ್ ಸಾಲು ಹೀಗಿತ್ತು: “400 ವಿದ್ಯಾರ್ಥಿಗಳ ಅಂಕಗಳನ್ನು ಎಕ್ಸೆಲ್‌ಗೆ ತಂದದ್ದರಿಂದ, ಕೈಯಲ್ಲಿ ಕೂಡಿ ಮೂರು ದಿನ ಹಿಡಿಯುತ್ತಿದ್ದ ಫಲಿತಾಂಶ ಪಟ್ಟಿ ಅರ್ಧ ದಿನಕ್ಕೆ ಇಳಿಯಿತು (2017ರಿಂದ).” ಕಂಪನಿಗೆ ಹೋದ ಪ್ರತಿ ಇಂಗ್ಲಿಷಿನಲ್ಲಿತ್ತು, ಓದುಗರ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಇಷ್ಟಾದ ಮೇಲೆ ಅವರು ಒಂದು ತಪ್ಪು ಮಾಡಿದರು. 2011ರಿಂದ 2014ರವರೆಗೆ ಅತ್ತೆಯ ಕಾಯಿಲೆಯಿಂದಾಗಿ ಅವರು ಮನೆಯಲ್ಲಿದ್ದರು. ಆ ಮೂರು ವರ್ಷಗಳ ಖಾಲಿ ಕಾಣಬಾರದೆಂದು ಎಲ್ಲ ತಾರೀಕುಗಳನ್ನೂ, ಶಾಲೆಗಳ ಹೆಸರನ್ನೂ ತೆಗೆದುಹಾಕಿ ಕೌಶಲಗಳನ್ನಷ್ಟೇ ಉಳಿಸಿದರು. ಬೆಂಗಳೂರಿನಲ್ಲಿ ನೇಮಕಾತಿ ವಿಭಾಗದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಅದನ್ನು ತೋರಿಸಿದಾಗ ಅವಳು ನೇರವಾಗಿ ಕೇಳಿದಳು: “ಮಿಸ್, ತಾರೀಕು ಎಲ್ಲಿ? ತಾರೀಕು ಇಲ್ದಿದ್ರೆ ಇವರು ಏನೋ ಮುಚ್ಚಿಡ್ತಿದ್ದಾರೆ ಅಂತಲೇ ನಾವು ಅಂದ್ಕೊಳ್ಳೋದು.”

ಕೌಶಲ ಮುಂದಿಡುವ ರೆಸ್ಯೂಮೆಯ ದೊಡ್ಡ ಅಪಾಯ ಇದೇ. ಕೌಶಲ ಮೇಲಕ್ಕೆ ಬರಬೇಕೇ ಹೊರತು ಇತಿಹಾಸ ಮಾಯವಾಗಬಾರದು. ಹಾಗಾಗಿ ಕೊನೆಯ ಪ್ರತಿಯ ಕ್ರಮ ಹೀಗಾಯಿತು: ಹೆಸರು, ವಿಳಾಸ, ಬೇಕಾದ ಕೆಲಸ ಮತ್ತು ತಮ್ಮ ಅರ್ಹತೆ ಹೇಳುವ ಮೂರು ಸಾಲು, ನಾಲ್ಕು ಕೌಶಲಗಳು, ಅನಂತರ ಹುದ್ದೆ, ಶಾಲೆ, ವರ್ಷಗಳ ಚಿಕ್ಕ ಪಟ್ಟಿ, ಕೊನೆಗೆ ವಿದ್ಯಾಭ್ಯಾಸ. ಬಿಡುವಿನ ವರ್ಷಗಳನ್ನು “2011–2014: ಕುಟುಂಬದ ಹಿರಿಯರ ಆರೈಕೆ” ಎಂದು ಆ ಪಟ್ಟಿಯಲ್ಲೇ ಸೇರಿಸಿದರು. ಎಲ್ಲವೂ ಎರಡು ಪುಟದೊಳಗೆ ಮುಗಿಯಿತು.

ಹಳೆಯ ವಿದ್ಯಾರ್ಥಿನಿ ಇನ್ನೊಂದು ಮಾತು ಹೇಳಿದಳು. ಅನೇಕ ಕಂಪನಿಗಳಲ್ಲಿ ಬಂದ ಅರ್ಜಿಗಳನ್ನು ಮೊದಲು ಕಂಪ್ಯೂಟರ್ ಓದಿ ಹುದ್ದೆ, ಸಂಸ್ಥೆ, ತಾರೀಕುಗಳನ್ನು ಬೇರ್ಪಡಿಸಿಕೊಳ್ಳುತ್ತದೆ. ಅಂದಕ್ಕೆಂದು ಎರಡು ಕಾಲಂ, ಪಟ್ಟಿಚೌಕ ಹಾಕಿದರೆ ಅದಕ್ಕೆ ಗೊಂದಲವಾಗಬಹುದು. ಪರೀಕ್ಷಿಸುವುದು ಸುಲಭ. ರೆಸ್ಯೂಮೆಯನ್ನು ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ನೋಡಿ. ಅಲ್ಲಿ ಸಾಲುಗಳು ಕಲಸುಮೇಲೋಗರವಾಗಿ ಕಂಡರೆ ಕಂಪ್ಯೂಟರಿಗೂ ಹಾಗೆಯೇ ಕಾಣುವ ಸಂಭವ ಹೆಚ್ಚು.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುವಂಥದ್ದು. ವಿಷಯ ತಿಳಿಯದ ಒಬ್ಬರಿಗೆ ಅರ್ಧ ನಿಮಿಷ ಹಾಳೆ ತೋರಿಸಿ, ಮಡಿಸಿಟ್ಟು, “ಇವರು ಯಾವ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ?” ಎಂದು ಕೇಳಿ. ಪಕ್ಕದ ಮನೆಯವರು ಹಳೆಯ ಹಾಳೆ ನೋಡಿ “ಟೀಚರ್” ಎಂದಿದ್ದರು, ಹೊಸದನ್ನು ನೋಡಿ “ಟ್ರೈನಿಂಗ್ ಕೊಡೋ ಕೆಲಸ ಅಲ್ವೇ?” ಎಂದರು.

ಈ ಕ್ರಮ ಎಲ್ಲರಿಗೂ ಬೇಡ. ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಹೋಗುವವರಿಗೆ ಹಳೆಯ ಕಾಲಾನುಕ್ರಮವೇ ಸರಿ. ಸರ್ಕಾರಿ ಹುದ್ದೆಗಳಿಗೆ ನಿಗದಿತ ಅರ್ಜಿ ನಮೂನೆ ಇರುವುದರಿಂದ ಅಲ್ಲಿ ಈ ಜೋಡಣೆಗೆ ಅವಕಾಶವೇ ಇಲ್ಲ. ಅಲ್ಲದೆ, ಕಂಪನಿ ಬದಲಾದರೆ ಶೀರ್ಷಿಕೆಗಳೂ ಬದಲಾಗಬೇಕು. ಒಂದೇ ಪ್ರತಿಯನ್ನು ಹತ್ತು ಕಡೆ ಕಳಿಸುವಂತಿಲ್ಲ. ನೋಟ್‌ಬುಕ್ ಮಾತ್ರ ಜೋಪಾನವಾಗಿರಲಿ, ಪ್ರತಿ ಸಲವೂ ಅದರಿಂದಲೇ ಆರಿಸಿಕೊಳ್ಳಬೇಕು.

ಹೊಸ ರೆಸ್ಯೂಮೆ ಮೂರು ಕಡೆ ಹೋಯಿತು. ಒಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಅವರು ಗಣಿತದ ಬಗ್ಗೆ ಕೇಳಲೇ ಇಲ್ಲವಂತೆ. “ಆ 6 ಪುಟದ ಕೈಪಿಡಿ ತಂದಿದ್ದೀರಾ?” ಎಂದರಂತೆ. ಶಿಕ್ಷಕಿಯ ಚೀಲದಲ್ಲಿ ಅದು ಇತ್ತು. ಈಗ ಅವರು ಆರು ತಿಂಗಳ ಪ್ರೊಬೇಷನ್ ಮೇಲೆ ಅದೇ ಕೆಲಸದಲ್ಲಿದ್ದಾರೆ. ಮಗ ತನ್ನದೇ ಒಂದು ನೋಟ್‌ಬುಕ್ ಶುರುಮಾಡಿದ್ದಾನೆ. ಕಾಲೇಜು ಹಬ್ಬದ ಲೆಕ್ಕಪತ್ರ ನೋಡಿಕೊಂಡದ್ದು ಅದರ ಮೊದಲ ಸಾಲು.