ಬೋರ್ಡು ದೊಡ್ಡದಿದ್ದರೆ ತರಬೇತಿ ಒಳ್ಳೆಯದೇ? ಆರ್ಟಿಕಲ್‌ಶಿಪ್ ಕುರಿತ ಕೆಲವು ನಂಬಿಕೆಗಳು

ಸಿ.ಎ. ಇಂಟರ್ ಫಲಿತಾಂಶ ಬಂದ ವಾರದಲ್ಲಿ ಆಡಿಟರ್ ಕಚೇರಿಗಳಿಗೆ ಬಯೋಡೇಟಾಗಳ ಮಳೆಯೇ ಸುರಿಯುತ್ತದೆ. ಅದೇ ವಾರ ಹೊಸಬರ ಕಿವಿಗೆ ಸೀನಿಯರ್‌ಗಳ ಸಲಹೆಗಳೂ ಬೀಳುತ್ತವೆ. ಇವುಗಳಲ್ಲಿ ಅರ್ಧದಷ್ಟು ಹಳೆಯ ನಿಯಮದ ಕಾಲದವು. ಮೊದಲು ಇಂಟರ್‌ನ ಒಂದು ಗ್ರೂಪ್ ಪಾಸಾದರೆ ಸೇರಬಹುದಿತ್ತು, ತರಬೇತಿ ಮೂರು ವರ್ಷ ನಡೆಯುತ್ತಿತ್ತು. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ, ಅಂದರೆ ಐಸಿಎಐ, 2023ರ ಜುಲೈ 1ರಿಂದ ತಂದ ಹೊಸ ಪದ್ಧತಿಯಲ್ಲಿ ಎರಡೂ ಗ್ರೂಪ್ ಪಾಸಾಗಿರಬೇಕು, ತರಬೇತಿ ಎರಡೇ ವರ್ಷ. ಒಂದು ವರ್ಷ ಕಡಿಮೆಯಾದ್ದರಿಂದ, ಎಲ್ಲಿ ಸೇರುತ್ತೀರಿ ಎನ್ನುವುದರ ತೂಕ ಹೆಚ್ಚಿದೆ.

ನಂಬಿಕೆ: ಫರ್ಮಿನ ಹೆಸರು ದೊಡ್ಡದಾದಷ್ಟೂ ಕಲಿಕೆ ಹೆಚ್ಚು.

ನಿಯಮದ ಪ್ರಕಾರ ನೀವು ಸೇರುವುದು ಫರ್ಮಿಗಲ್ಲ, ಒಬ್ಬ ವ್ಯಕ್ತಿಯ ಕೈಕೆಳಗೆ. ಪ್ರಾಕ್ಟೀಸ್ ಮಾಡುತ್ತಿರುವ ಒಬ್ಬ ಸಿ.ಎ. ನಿಮ್ಮ ಪ್ರಿನ್ಸಿಪಾಲ್. ಒಪ್ಪಂದಪತ್ರವಾದ ಫಾರ್ಮ್ 102ರಲ್ಲಿ ಇರುವುದು ಅವರ ಸಹಿ ಮತ್ತು ನಿಮ್ಮ ಸಹಿ. ಒಬ್ಬ ಪ್ರಿನ್ಸಿಪಾಲ್ ಎಷ್ಟು ಆರ್ಟಿಕಲ್‌ಗಳನ್ನು ಇಟ್ಟುಕೊಳ್ಳಬಹುದು ಎನ್ನುವುದಕ್ಕೂ ಅವರ ಪ್ರಾಕ್ಟೀಸಿನ ವರ್ಷಗಳನ್ನು ನೋಡಿ ಮಿತಿ ಹಾಕಲಾಗಿದೆ. ಆದ್ದರಿಂದ ‘ಈ ಫರ್ಮ್ ಹೇಗಿದೆ’ ಎಂದು ಕೇಳುವ ಮೊದಲು ‘ನನ್ನ ಫಾರ್ಮಿಗೆ ಸಹಿ ಹಾಕುವವರು ಯಾರು, ನನ್ನ ಕೆಲಸ ತಿದ್ದುವವರು ಯಾರು’ ಎಂದು ಕೇಳಿ. ಈ ಎರಡು ಪ್ರಶ್ನೆಗೂ ಉತ್ತರ ಒಬ್ಬರೇ ಆಗಿರಬೇಕೆಂದಿಲ್ಲ, ಆದರೆ ಎರಡನೆಯದಕ್ಕೆ ಒಂದು ಹೆಸರಾದರೂ ಸಿಗಬೇಕು.

ದೊಡ್ಡ ಫರ್ಮಿನಲ್ಲಿ ದೊಡ್ಡ ಕಂಪನಿಗಳ ಆಡಿಟ್ ನೋಡಲು ಸಿಗುತ್ತದೆ, ಕಾಗದಪತ್ರದ ಶಿಸ್ತು ಬರುತ್ತದೆ, ಬಯೋಡೇಟಾಕ್ಕೂ ಹೊಳಪು ಬರುತ್ತದೆ. ಇದೆಲ್ಲ ನಿಜ. ಆದರೆ ಅಲ್ಲಿ ಒಂದು ಆಡಿಟ್ ಅನ್ನು ಹತ್ತಾರು ತುಂಡು ಮಾಡಿ ಹಂಚುತ್ತಾರೆ. ಸ್ಥಿರಾಸ್ತಿಗಳ ಪಟ್ಟಿಯೊಂದನ್ನೇ ತಿಂಗಳುಗಟ್ಟಲೆ ಪರಿಶೀಲಿಸಿದ ಹುಡುಗನಿಗೆ ಬ್ಯಾಲೆನ್ಸ್ ಶೀಟ್ ಪೂರ್ತಿಯಾಗಿ ಹೇಗೆ ನಿಲ್ಲುತ್ತದೆ ಎನ್ನುವುದು ಕಾಣದೆಯೇ ಹೋಗಬಹುದು. ತೀರಾ ಸಣ್ಣ ಕಚೇರಿಯ ತೊಂದರೆ ಬೇರೆ. ಅಲ್ಲಿ ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್, ಟ್ಯಾಲಿಯಲ್ಲಿ ಎಂಟ್ರಿ, ಮತ್ತೆ ಜಿಎಸ್‌ಟಿ ರಿಟರ್ನ್. ಎರಡು ವರ್ಷ ಕಳೆದರೂ ಒಂದು ಕಂಪನಿಯ ಆಡಿಟ್ ಫೈಲು ಕೈಗೆ ಬರುವುದಿಲ್ಲ.

ಫರ್ಮಿನ ಗುಣ ಅಳೆಯಲು ಸೆಪ್ಟೆಂಬರ್ ತಿಂಗಳನ್ನು ಹಿಡಿದು ಪ್ರಶ್ನೆ ಕೇಳುವುದು ಒಳ್ಳೆಯದು. ಕಂಪನಿಗಳ ವಾರ್ಷಿಕ ಸಭೆ, ಟ್ಯಾಕ್ಸ್ ಆಡಿಟ್ ಎರಡರ ಗಡುವೂ ಸಾಮಾನ್ಯವಾಗಿ ಆ ತಿಂಗಳ ಕೊನೆಗೆ ಬಂದು ನಿಲ್ಲುತ್ತವೆ. ಅಲ್ಲಿ ಈಗಾಗಲೇ ಎರಡನೇ ವರ್ಷದಲ್ಲಿರುವ ಆರ್ಟಿಕಲ್ ಒಬ್ಬರನ್ನು ಹುಡುಕಿ, ಕಚೇರಿಯ ಒಳಗಲ್ಲ, ಹೊರಗೆ ಟೀ ಅಂಗಡಿಯಲ್ಲಿ, ಕಳೆದ ಸೆಪ್ಟೆಂಬರ್‌ನಲ್ಲಿ ಏನೇನು ಮಾಡಿದಿರಿ ಎಂದು ಕೇಳಿ. ‘ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯದು ಟ್ರಯಲ್ ಬ್ಯಾಲೆನ್ಸ್‌ನಿಂದ ಶುರುಮಾಡಿ ವರದಿಯ ಕರಡಿನವರೆಗೆ ನಾನೇ ನೋಡಿದೆ, ಸರ್ ಮೂರು ಸಲ ವಾಪಸ್ ಕಳಿಸಿದರು’ ಎಂದರೆ ಅದು ಒಳ್ಳೆಯ ಜಾಗ. ವಾಪಸ್ ಕಳಿಸಿದ್ದೇ ಮುಖ್ಯ. ಯಾರೂ ತಿದ್ದದ ಕಡೆ ಯಾರೂ ಕಲಿಸುತ್ತಿಲ್ಲ. ಅವರು ‘ಎಲ್ಲ ಕೆಲಸಾನೂ ಇರುತ್ತೆ’ ಎಂದು ತೇಲಿಸಿದರೆ ಇನ್ನೊಬ್ಬರನ್ನು ಕೇಳಿ. ಫರ್ಮಿಗೆ ಪೀರ್ ರಿವ್ಯೂ ಪ್ರಮಾಣಪತ್ರ ಇದೆಯೇ ಎಂದೂ ವಿಚಾರಿಸಿ. ಬೇರೊಬ್ಬ ಸಿ.ಎ. ಬಂದು ಅವರ ಆಡಿಟ್ ಫೈಲುಗಳನ್ನು ತೆರೆದು ನೋಡಿದ್ದಾರೆ ಎಂದು ಅದರ ಅರ್ಥ. ಅಂಥ ಕಡೆ ವರ್ಕಿಂಗ್ ಪೇಪರ್ ಬರೆಯುವ ಅಭ್ಯಾಸ ಇರುವ ಸಾಧ್ಯತೆ ಹೆಚ್ಚು.

ನಂಬಿಕೆ: ದೊಡ್ಡ ಕಡೆಯಿಂದ ಕರೆ ಬರುವ ತನಕ ಕಾದರೆ ನಷ್ಟವಿಲ್ಲ.

ನಷ್ಟವಿದೆ, ಲೆಕ್ಕ ಹಾಕಿದರೆ ಕಾಣುತ್ತದೆ. ಇಬ್ಬರು ಗೆಳತಿಯರು 2025ರ ನವೆಂಬರ್‌ನಲ್ಲಿ ಇಂಟರ್ ಮುಗಿಸಿದರು ಎಂದಿಟ್ಟುಕೊಳ್ಳಿ. ಒಬ್ಬಳು ಹುಬ್ಬಳ್ಳಿಯ ಮಧ್ಯಮ ಗಾತ್ರದ ಫರ್ಮಿನಲ್ಲಿ ಡಿಸೆಂಬರ್ 1ಕ್ಕೆ ಸೇರಿದಳು. ಅವಳ ತರಬೇತಿ 2027ರ ನವೆಂಬರ್ 30ಕ್ಕೆ ಮುಗಿಯುತ್ತದೆ. ಅದಾದ ಮೇಲೆ ಆರು ತಿಂಗಳು ಕಳೆದರೆ ಮಾತ್ರ ಫೈನಲ್‌ಗೆ ಕೂರಬಹುದು, ಅಂದರೆ 2028ರ ಜೂನ್‌ನಿಂದ. ಇನ್ನೊಬ್ಬಳು ಬೆಂಗಳೂರಿನ ಕರೆಗೆ ಕಾದು 2026ರ ಏಪ್ರಿಲ್ 1ಕ್ಕೆ ಸೇರಿದಳು. ಅವಳಿಗೆ ತರಬೇತಿ ಮುಗಿಯುವುದು 2028ರ ಮಾರ್ಚ್ 31ಕ್ಕೆ, ಫೈನಲ್‌ಗೆ ಅರ್ಹತೆ ಅಕ್ಟೋಬರ್‌ನಿಂದ. ನಡುವಿನ ನಾಲ್ಕು ತಿಂಗಳಲ್ಲಿ ಪರೀಕ್ಷೆ ಬಂದರೆ ಅದು ಅವಳ ಕೈತಪ್ಪುತ್ತದೆ. ವರ್ಷಕ್ಕೆ 12ಕ್ಕಿಂತ ಹೆಚ್ಚು ರಜೆ ತೆಗೆದುಕೊಂಡರೆ ಆ ದಿನಗಳನ್ನೂ ಕೊನೆಗೆ ದುಡಿದು ತುಂಬಬೇಕು, ಹಾಗಾಗಿ ಕಡೆಯ ದಿನಾಂಕ ಇನ್ನಷ್ಟು ಜಾರುತ್ತದೆ.

ಕಾಯಲೇಬೇಕೆಂದಿದ್ದರೆ ಆ ಸಮಯದಲ್ಲಿ ಐಸಿಐಟಿಎಸ್‌ಎಸ್ ಮುಗಿಸಿಕೊಳ್ಳಿ. ಕಂಪ್ಯೂಟರ್ ತರಗತಿ 15 ದಿನ, ಓರಿಯೆಂಟೇಷನ್ 15 ದಿನ. ಇದು ಮುಗಿಯದೆ ಆರ್ಟಿಕಲ್‌ಶಿಪ್ ಶುರುವಾಗುವುದಿಲ್ಲ. ಬ್ಯಾಚಿನಲ್ಲಿ ಸೀಟು ಸಿಗದೆ, ಕೈಯಲ್ಲಿದ್ದ ಕೆಲಸ ಕಳೆದುಕೊಂಡವರು ಪ್ರತಿ ಸರದಿಯಲ್ಲೂ ಇರುತ್ತಾರೆ.

ನಂಬಿಕೆ: ಸೇರಿ ನೋಡೋಣ, ಸರಿಬರದಿದ್ದರೆ ಬಿಟ್ಟರಾಯಿತು.

ಇದು ಕೆಲಸವಲ್ಲ, ನೋಂದಣಿಯಾದ ಒಪ್ಪಂದ. ಸೇರಿದ 30 ದಿನದೊಳಗೆ ಫಾರ್ಮ್ 103 ಐಸಿಎಐಗೆ ಹೋಗಬೇಕು, ಪ್ರಿನ್ಸಿಪಾಲ್ ಅದನ್ನು ಒಪ್ಪಬೇಕು. ಬೇರೆಡೆ ಹೋಗಬೇಕೆಂದರೂ ಬಿಡುಗಡೆಗೆ ಅವರ ಸಹಿಯೇ ಬೇಕು. ಆರಂಭದ ಅವಧಿ ದಾಟಿದ ಮೇಲೆ ಅನಾರೋಗ್ಯ, ತಂದೆ ತಾಯಿಯ ವರ್ಗಾವಣೆಯಂಥ ನಿರ್ದಿಷ್ಟ ಕಾರಣಗಳಿಗೆ ಮಾತ್ರ ದಾರಿ ತೆರೆದಿರುತ್ತದೆ. ಹಾಗಾಗಿ ಈ ಫರ್ಮಿನಲ್ಲಿ ಹಿಂದೆ ಬಿಟ್ಟುಹೋದವರಿಗೆ ಸಹಿ ಸುಲಭವಾಗಿ ಸಿಕ್ಕಿತೇ ಎಂದು ಸೇರುವ ಮೊದಲೇ ವಿಚಾರಿಸಿ. ಈ ಒಂದು ಪ್ರಶ್ನೆಯನ್ನು ಬಹಳ ಮಂದಿ ಕೇಳುವುದಿಲ್ಲ, ಆಮೇಲೆ ತಿಂಗಳುಗಟ್ಟಲೆ ಪ್ರಿನ್ಸಿಪಾಲ್ ಕೋಣೆಯ ಮುಂದೆ ನಿಲ್ಲುತ್ತಾರೆ.

ಇನ್ನು ಹಣದ ವಿಷಯ. ಸ್ಟೈಪೆಂಡ್ ಕಡಿಮೆ, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಊರಿನ ಜನಸಂಖ್ಯೆ ನೋಡಿ ಕನಿಷ್ಠ ಮೊತ್ತ ಗೊತ್ತುಮಾಡಲಾಗಿದೆ, ಕೊಡುವವರು ಹೆಚ್ಚು ಕೊಡಬಹುದು. ಆದರೆ ನಿಮ್ಮಿಂದ ಡೆಪಾಸಿಟ್, ಸಾಲ ಅಥವಾ ಸೇರ್ಪಡೆಯ ಹಣ ಕೇಳಲು ಪ್ರಿನ್ಸಿಪಾಲ್‌ಗೆ ಅಧಿಕಾರವೇ ಇಲ್ಲ, ನಿಯಮಾವಳಿಯಲ್ಲಿ ಅದಕ್ಕೆ ನಿಷೇಧವಿದೆ. ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಂಬಿಕೆ: ಹೆಸರಿಗೆ ಆರ್ಟಿಕಲ್‌ಶಿಪ್ ಹಾಕಿಸಿಕೊಂಡು ಮನೆಯಲ್ಲಿ ಓದಿದರೆ ಫೈನಲ್ ಬೇಗ ಪಾಸಾಗುತ್ತದೆ.

‘ಡಮ್ಮಿ’ ಎಂದು ಕರೆಯುವ ಈ ವ್ಯವಹಾರ ಇಬ್ಬರಿಗೂ ಅಪಾಯ. ಗೊತ್ತಾದರೆ ಐಸಿಎಐ ನಿಮ್ಮ ತರಬೇತಿಯನ್ನು ರದ್ದು ಮಾಡಬಹುದು, ಸಹಿ ಹಾಕಿದ ಸಿ.ಎ. ಶಿಸ್ತುಕ್ರಮ ಎದುರಿಸಬೇಕಾಗುತ್ತದೆ. ಸಿಕ್ಕಿಬೀಳದಿದ್ದರೂ ಮೊದಲ ಸಂದರ್ಶನದಲ್ಲಿ ಗುಟ್ಟು ರಟ್ಟಾಗುತ್ತದೆ. ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವಾಗ ವ್ಯತ್ಯಾಸ ಬಂದರೆ ಏನು ಮಾಡುತ್ತಿದ್ದೆ ಎಂದು ಕೇಳಿದಾಗ, ಮಾಡಿದವನು ಸಪ್ಲೈಯರ್‌ಗೆ ಹಚ್ಚಿದ ಫೋನ್‌ನಿಂದ ಕಥೆ ಶುರುಮಾಡುತ್ತಾನೆ. ಮಾಡದವನು ಪುಸ್ತಕದಲ್ಲಿ ಓದಿದ ನಿಯಮ ಹೇಳುತ್ತಾನೆ. ಕೇಳುವ ಆಡಿಟರ್‌ಗೆ ಎರಡು ನಿಮಿಷ ಸಾಕು.

ಫಾರ್ಮ್ 102ಕ್ಕೆ ಸಹಿ ಹಾಕುವ ಮುನ್ನ ಅದರಲ್ಲಿರುವ ಪ್ರಿನ್ಸಿಪಾಲ್ ಹೆಸರು ಮತ್ತು ಸದಸ್ಯತ್ವ ಸಂಖ್ಯೆಯನ್ನು ಐಸಿಎಐ ಜಾಲತಾಣದಲ್ಲಿ ಒಮ್ಮೆ ಹುಡುಕಿ ನೋಡಿ. ಸಂದರ್ಶನದಲ್ಲಿ ಮಾತಾಡಿದವರು ಒಬ್ಬರು, ಫಾರ್ಮಿನಲ್ಲಿರುವವರು ಇನ್ನೊಬ್ಬರು ಆಗಿದ್ದರೆ ಅದೇಕೆ ಎಂದು ಕೇಳಿ, ಉತ್ತರ ಸರಿ ಕಂಡ ಮೇಲಷ್ಟೇ ಪೆನ್ನು ಹಿಡಿಯಿರಿ.