ದಿನ ಬಿಟ್ಟು ದಿನ ಬರುವ ಚಳಿಜ್ವರ

ಮಧ್ಯಾಹ್ನ ಊಟ ಮುಗಿಸಿ ಕೂತವರಿಗೆ ಇದ್ದಕ್ಕಿದ್ದಂತೆ ಬೆನ್ನಲ್ಲಿ ಚಳಿ ಹರಿಯುತ್ತದೆ. ಒಂದು ಹೊದಿಕೆ ಸಾಲದೆಂದು ಮತ್ತೊಂದು, ಅದರ ಮೇಲೆ ಕಂಬಳಿ. ಹಲ್ಲು ಕಟಕಟ ಕಡಿಯುತ್ತದೆ, ಮಂಚವೇ ಅಲುಗಾಡುವಷ್ಟು ನಡುಕ. ಅರ್ಧ ಗಂಟೆಯೋ ಒಂದು ಗಂಟೆಯೋ ಹೀಗೆ ಕಳೆದ ಮೇಲೆ ಅದೇ ರೋಗಿ ಕಂಬಳಿ ಕಿತ್ತೆಸೆಯುತ್ತಾರೆ. ಈಗ ಮೈ ಸುಡುತ್ತಿರುತ್ತದೆ, ಜ್ವರ 104 ಡಿಗ್ರಿ ದಾಟಿರುತ್ತದೆ, ತಲೆ ಸಿಡಿಯುತ್ತದೆ. ಕೆಲವು ಗಂಟೆಗಳ ನಂತರ ಬಟ್ಟೆ ತೊಯ್ಯುವಷ್ಟು ಬೆವರು ಸುರಿದು ಜ್ವರ ಇಳಿಯುತ್ತದೆ, ಸುಸ್ತಾಗಿ ನಿದ್ದೆ ಬರುತ್ತದೆ. ಮಾರನೆಯ ದಿನ ಏನೂ ಆಗದವರಂತೆ ಎದ್ದು ಓಡಾಡುತ್ತಾರೆ. ಅದರ ಮಾರನೆಯ ದಿನ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮತ್ತೆ ಚಳಿ.

ಮಂಗಳೂರಿನವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. 1990ರ ದಶಕದ ಆರಂಭದಿಂದ, ನಗರದಲ್ಲಿ ಕಟ್ಟಡಗಳು ಏಳತೊಡಗಿದ ಹಾಗೆ ಮಲೇರಿಯಾವೂ ಅಲ್ಲಿ ಬೇರು ಬಿಟ್ಟಿತು. ಅಲ್ಲಿ ರೋಗ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಗೆ ಚರಂಡಿಯ ಕೊಳಕು ನೀರು ಬೇಡ, ತಿಳಿನೀರೇ ಬೇಕು. ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆಂದು ಕಟ್ಟಿ ನಿಲ್ಲಿಸಿದ ನೀರು, ಲಿಫ್ಟಿಗೆ ತೋಡಿದ ಗುಂಡಿ, ಮುಚ್ಚಳ ಸರಿಯಿಲ್ಲದ ಓವರ್‌ಹೆಡ್ ಟ್ಯಾಂಕ್, ಬಳಸದ ಬಾವಿ, ಎಲ್ಲವೂ ಅದಕ್ಕೆ ಒಪ್ಪುತ್ತವೆ. ಮಳೆಗಾಲ ಇಂಥ ತಾಣಗಳನ್ನು ಹೆಚ್ಚಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಾಳಿಯ ತೇವದಿಂದ ಸೊಳ್ಳೆಯ ಆಯುಸ್ಸು ಬೆಳೆಯುತ್ತದೆ. ಕಚ್ಚಿ ಹೀರಿದ ರಕ್ತದಲ್ಲಿದ್ದ ರೋಗಾಣು ಸೊಳ್ಳೆಯೊಳಗೆ ಬಲಿತು ಇನ್ನೊಬ್ಬರಿಗೆ ದಾಟಲು ಸುಮಾರು ಹತ್ತು ದಿನ ಬೇಕು. ಒಣ ಬೇಸಗೆಯಲ್ಲಿ ಅಷ್ಟು ದಿನ ಬದುಕದ ಸೊಳ್ಳೆ ಮಳೆಗಾಲದಲ್ಲಿ ಬದುಕುತ್ತದೆ.

ಚಳಿ ಹೀಗೆ ಹೊತ್ತು ನೋಡಿಕೊಂಡು ಬರುವುದೇಕೆ? ಇದನ್ನು ಬಿಡಿಸಿದವರು ಇಟಲಿಯ ಪಾವಿಯಾದ ಕಮಿಲ್ಲೊ ಗಾಲ್ಜಿ. ಮಲೇರಿಯಾ ರೋಗಾಣುವನ್ನು ಫ್ರೆಂಚ್ ಸೇನಾ ವೈದ್ಯ ಲಾವರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ಸೈನಿಕನೊಬ್ಬನ ರಕ್ತದಲ್ಲಿ ಕಂಡಿದ್ದರು. ಐದಾರು ವರ್ಷಗಳ ಬಳಿಕ ಗಾಲ್ಜಿ ರೋಗಿಗಳ ರಕ್ತವನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆದು ನೋಡುತ್ತ ಹೋದರು. ಕೆಂಪು ರಕ್ತಕಣದೊಳಗೆ ಹೊಕ್ಕ ರೋಗಾಣು ಅಲ್ಲೇ ಬೆಳೆದು, ಹಲವು ಮರಿಗಳಾಗಿ ಒಡೆದು, ಕೊನೆಗೆ ಕಣವನ್ನೇ ಸಿಡಿಸಿ ಹೊರಬರುತ್ತದೆ. ಸಾವಿರಾರು ಲಕ್ಷ ಕಣಗಳು ಒಟ್ಟಿಗೆ ಸಿಡಿದಾಗ ಅವುಗಳೊಳಗಿನ ಕಸವೆಲ್ಲ ರಕ್ತಕ್ಕೆ ಸುರಿಯುತ್ತದೆ, ದೇಹ ಅದಕ್ಕೆ ಚಳಿ ಮತ್ತು ಜ್ವರದ ಉತ್ತರ ಕೊಡುತ್ತದೆ. ಹೊರಬಿದ್ದ ಮರಿಗಳು ಹೊಸ ಕಣಗಳನ್ನು ಹೊಕ್ಕು ಮತ್ತೆ ಅದೇ ಸುತ್ತು ಶುರುಮಾಡುತ್ತವೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಜಾತಿಗೆ ಈ ಸುತ್ತು 48 ಗಂಟೆಯದು, ಅದಕ್ಕೇ ದಿನ ಬಿಟ್ಟು ದಿನ ಜ್ವರ. ಅಪರೂಪದ ಮಲೇರಿಯೇ ಎಂಬ ಜಾತಿಗೆ 72 ಗಂಟೆ.

ಇಷ್ಟು ಓದಿದವರು, ಹಾಗಾದರೆ ದಿನ ಬಿಟ್ಟು ದಿನ ಬಂದರೆ ಮಲೇರಿಯಾ, ಇಲ್ಲದಿದ್ದರೆ ಅಲ್ಲ ಎಂದುಕೊಳ್ಳುವುದು ಸಹಜ. ಎಡವಟ್ಟಾಗುವುದು ಅಲ್ಲಿಯೇ.

ಬಾಗಲಕೋಟೆ ಕಡೆಯಿಂದ ಮಂಗಳೂರಿಗೆ ಬಂದು ಟೈಲ್ಸ್ ಕೆಲಸ ಮಾಡುವ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಜುಲೈ ತಿಂಗಳ ಒಂದು ಗುರುವಾರ ಅವನಿಗೆ ಮೈಕೈ ನೋವು, ಸಣ್ಣ ಜ್ವರ. ಶುಕ್ರವಾರ, ಶನಿವಾರ ಜ್ವರ ಬರುತ್ತದೆ, ಹೋಗುತ್ತದೆ, ಹೊತ್ತುಗೊತ್ತಿಲ್ಲ. “ಮಳ್ಯಾಗ ನೆನದೀಯೋ ತಮ್ಮಾ, ಥಂಡಿ ಹಿಡದೈತಿ” ಎನ್ನುತ್ತಾನೆ ಮೇಸ್ತ್ರಿ. ಮೆಡಿಕಲ್ ಸ್ಟೋರಿನ ಪ್ಯಾರಾಸೆಟಮಾಲ್ ನುಂಗುತ್ತಾನೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ಮೊದಲ ಸಲ ನಡುಕ. ಸೋಮವಾರ ಆರಾಮ. ಮಂಗಳವಾರ ಎರಡಕ್ಕೆ ಮತ್ತೆ ನಡುಕ. ಬುಧವಾರ ಕೆಲಸಕ್ಕೂ ಹೋಗುತ್ತಾನೆ. ಗುರುವಾರ ಮೂರನೆಯ ಸಲ ನಡುಗಿದಾಗಷ್ಟೇ ಆಸ್ಪತ್ರೆಗೆ ಹೋಗುತ್ತಾನೆ. ರಕ್ತದಲ್ಲಿ ವೈವ್ಯಾಕ್ಸ್ ಕಾಣುತ್ತದೆ.

ಮೊದಲ ಮೂರು ದಿನ ಕ್ರಮ ಏಕೆ ಕಾಣಲಿಲ್ಲವೆಂದರೆ, ಆಗಿನ್ನೂ ರೋಗಾಣುಗಳ ಗುಂಪುಗಳು ಒಂದೇ ತಾಳಕ್ಕೆ ಬಂದಿರಲಿಲ್ಲ. ಒಂದು ಗುಂಪು ಇವತ್ತು ಸಿಡಿದರೆ ಇನ್ನೊಂದು ನಾಳೆ. ಅವೆಲ್ಲ ಒಂದೇ ಹೊತ್ತಿಗೆ ಸಿಡಿಯತೊಡಗಲು ಹಲವು ದಿನ ಹಿಡಿಯುತ್ತದೆ. ಪುಸ್ತಕದಲ್ಲಿರುವಂಥ ಜ್ವರ ಬರಲೆಂದು ಕಾದ ಒಂದು ವಾರದಲ್ಲಿ ಅವನ ರಕ್ತಕಣಗಳು ನಾಶವಾಗುತ್ತಲೇ ಇದ್ದವು, ಅವನನ್ನು ಕಚ್ಚಿದ ಸೊಳ್ಳೆಗಳು ಅದೇ ಶೆಡ್ಡಿನ ಇತರರನ್ನೂ ಕಚ್ಚುತ್ತಿದ್ದವು.

ಅವನ ರಕ್ತದಲ್ಲಿದ್ದದ್ದು ವೈವ್ಯಾಕ್ಸ್ ಆದ್ದರಿಂದ ಅವನು ಅಷ್ಟರಲ್ಲೇ ಪಾರಾದ. ಫಾಲ್ಸಿಪಾರಂ ಎಂಬ ಜಾತಿಯಾಗಿದ್ದರೆ ಕಥೆ ಬೇರೆಯಾಗಬಹುದಿತ್ತು. ಅದರ ಸುತ್ತೂ ಸುಮಾರು 48 ಗಂಟೆಯದೇ, ಆದರೆ ಜ್ವರ ಮಾತ್ರ ಬಹಳ ಸಲ ದಿನವೂ ಬರುತ್ತದೆ, ಬಿಡದೆ ಕಾಯುತ್ತದೆ, ಚಳಿಯೇ ಇಲ್ಲದೆಯೂ ಇರಬಹುದು. ವೈವ್ಯಾಕ್ಸ್ ಹೆಚ್ಚಾಗಿ ಎಳೆಯ ರಕ್ತಕಣಗಳನ್ನಷ್ಟೇ ಹೊಕ್ಕುತ್ತದೆ, ಅದರ ಸಂಖ್ಯೆಗೆ ಒಂದು ಮಿತಿ ಇರುತ್ತದೆ. ಫಾಲ್ಸಿಪಾರಂ ಎಳೆಯದು ಬಲಿತದ್ದು ನೋಡುವುದಿಲ್ಲ. ಜೊತೆಗೆ ಅದು ಹೊಕ್ಕ ಕಣಗಳು ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಮಿದುಳು, ಮೂತ್ರಪಿಂಡಗಳಿಗೆ ಹೋಗುವ ರಕ್ತವನ್ನು ತಡೆಯುತ್ತವೆ. ಕೊಲ್ಲುವ ಮಲೇರಿಯಾ ಹೆಚ್ಚಾಗಿ ಇದೇ, ಮತ್ತು ಗಡಿಯಾರ ನೋಡಿ ಕಂಡುಹಿಡಿಯಲು ಆಗದ್ದೂ ಇದೇ.

ಇನ್ನು ಮಳೆಗಾಲದಲ್ಲಿ ಚಳಿ ತರುವ ರೋಗ ಇದೊಂದೇ ಅಲ್ಲ. ಕರಾವಳಿಯ ಗದ್ದೆಗಳಲ್ಲಿ ದುಡಿಯುವವರಿಗೆ ಇಲಿಜ್ವರ ಬರುತ್ತದೆ. ಡೆಂಗಿ ಇದೆ, ಟೈಫಾಯ್ಡ್ ಇದೆ, ಮೂತ್ರನಾಳದ ಸೋಂಕಿನಲ್ಲೂ ಮೈ ನಡುಗುತ್ತದೆ. ಕೈ ಮುಟ್ಟಿ ನೋಡಿ ಇವುಗಳನ್ನು ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಆಗದ ಮಾತು.

ಬೇರ್ಪಡಿಸುವುದು ಒಂದು ಹನಿ ರಕ್ತ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಎರಡು ಬಗೆಯಲ್ಲಿ ಸವರುತ್ತಾರೆ. ಒಂದು ದಪ್ಪ ಲೇಪನ, ಇನ್ನೊಂದು ತೆಳು. ದಪ್ಪದ್ದರಲ್ಲಿ ಕೆಂಪು ಕಣಗಳು ಕರಗಿ ಹೋಗಿ ರೋಗಾಣು ಮಾತ್ರ ಉಳಿಯುತ್ತದೆ. ಹೆಚ್ಚು ರಕ್ತ ಒಂದೇ ಕಡೆ ಇರುವುದರಿಂದ ‘ಇದೆಯೋ ಇಲ್ಲವೋ’ ಎಂಬುದು ಅಲ್ಲಿ ತಿಳಿಯುತ್ತದೆ. ತೆಳುವಿನಲ್ಲಿ ಕಣಗಳು ಹಾಗೇ ಇರುತ್ತವೆ, ಅವುಗಳೊಳಗೆ ಕೂತ ರೋಗಾಣುವಿನ ಆಕಾರ ನೋಡಿ ‘ಯಾವ ಜಾತಿ’ ಎನ್ನಬಹುದು. ಬಣ್ಣ ಹಾಕಿ ಒಣಗಿಸಿದ ಮೇಲೆ ಟೆಕ್ನಿಶಿಯನ್ ಸೂಕ್ಷ್ಮದರ್ಶಕದಲ್ಲಿ ದಪ್ಪ ಲೇಪನದ ಕನಿಷ್ಠ ನೂರು ನೋಟಗಳನ್ನಾದರೂ ನೋಡಬೇಕು, ಆಮೇಲೇ ‘ನೆಗೆಟಿವ್’ ಎಂದು ಬರೆಯಬೇಕು. ಆತುರದಲ್ಲಿ ಇಪ್ಪತ್ತಕ್ಕೆ ನಿಲ್ಲಿಸಿದರೆ ರೋಗಾಣು ತಪ್ಪಿಸಿಕೊಳ್ಳುತ್ತದೆ.

ಸೂಕ್ಷ್ಮದರ್ಶಕಕ್ಕೂ ಮಿತಿಯಿದೆ. ಸಾಮಾನ್ಯ ಲ್ಯಾಬಿನಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ, ಅಂದರೆ ಒಂದು ಹನಿಯ ಐವತ್ತನೇ ಒಂದು ಭಾಗಕ್ಕೆ, ಸುಮಾರು 50 ರೋಗಾಣುವಾದರೂ ಇದ್ದರೆ ಕಣ್ಣಿಗೆ ಬೀಳುತ್ತದೆ. ಐದು ಲೀಟರ್ ರಕ್ತವಿರುವ ದೇಹಕ್ಕೆ ಲೆಕ್ಕ ಹಾಕಿದರೆ ಅದು 25 ಕೋಟಿ! ಅದಕ್ಕಿಂತ ಕಡಿಮೆ ಇದ್ದಾಗ, ಅಥವಾ ಫಾಲ್ಸಿಪಾರಂ ಒಳಗಿನ ರಕ್ತನಾಳಗಳಲ್ಲಿ ಅಡಗಿದ್ದಾಗ, ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ಹಾಗಾಗಿ ಒಂದು ನೆಗೆಟಿವ್ ವರದಿಗೆ ಸಮಾಧಾನ ಪಡುವಂತಿಲ್ಲ. ಜ್ವರ ಮುಂದುವರಿದರೆ ಅರ್ಧ ದಿನ ಅಥವಾ ಒಂದು ದಿನ ಬಿಟ್ಟು ಮತ್ತೆ, ಬೇಕಾದರೆ ಮೂರನೆಯ ಸಲವೂ ನೋಡಬೇಕು. ಚಳಿ ಬಂದ ಹೊತ್ತಿಗೇ ರಕ್ತ ಕೊಡಬೇಕೆಂಬ ನಂಬಿಕೆ ಹಲವರಲ್ಲಿದೆ. ಅದು ಬೇಡ, ಯಾವ ಹೊತ್ತಿನಲ್ಲಾದರೂ ಕೊಡಬಹುದು.

ಸೂಕ್ಷ್ಮದರ್ಶಕ ಇಲ್ಲದ ಕಡೆ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಒಂದು ಕಾರ್ಡ್ ಇರುತ್ತದೆ. ಒಂದು ಹನಿ ರಕ್ತ, ಮೇಲೆ ದ್ರಾವಣ, 15-20 ನಿಮಿಷದಲ್ಲಿ ಗೆರೆಗಳು ಮೂಡುತ್ತವೆ. ನಿಯಂತ್ರಣ ಗೆರೆಯೇ ಮೂಡದಿದ್ದರೆ ಆ ಕಾರ್ಡ್ ಕೆಟ್ಟಿದೆ ಎಂದು ಅರ್ಥ, ಇನ್ನೊಂದರಲ್ಲಿ ನೋಡಬೇಕು. ಫಾಲ್ಸಿಪಾರಂ ಗೆರೆ ಮಾತ್ರ ರೋಗ ವಾಸಿಯಾದ ಮೇಲೂ ಕೆಲವು ವಾರ ಮೂಡುತ್ತಿರುತ್ತದೆ. ಆದ್ದರಿಂದ ‘ವಾಸಿಯಾಯಿತೇ’ ಎಂದು ತಿಳಿಯಲು ಕಾರ್ಡ್ ಬೇಡ, ಲೇಪನವೇ ಬೇಕು.

“ರಕ್ತ ಪರೀಕ್ಷೆ ಮಾಡಿಸಿದ್ದೇನೆ, ಏನೂ ಇಲ್ಲವಂತೆ” ಎನ್ನುವವರ ಕೈಯಲ್ಲಿರುವ ವರದಿಯನ್ನು ಒಮ್ಮೆ ನೋಡಬೇಕು. ಅದರಲ್ಲಿ ಇರುವುದು ರಕ್ತಕಣಗಳ ಎಣಿಕೆ ಮತ್ತು ಟೈಫಾಯ್ಡ್‌ನ ವಿಡಾಲ್ ಪರೀಕ್ಷೆ ಮಾತ್ರ, ಮಲೇರಿಯಾ ನೋಡಿಯೇ ಇಲ್ಲ! ಪ್ಲೇಟ್‌ಲೆಟ್ ಕಡಿಮೆಯಾಗಿದೆ ಎಂದು ಡೆಂಗಿ ಎಂದುಕೊಳ್ಳುವುದೂ ಇದೆ, ಆದರೆ ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ವಿಡಾಲ್ ಒಂದೇ ಸಲ ಅಲ್ಪಸ್ವಲ್ಪ ಪಾಸಿಟಿವ್ ಬಂದರೆ ಅದರಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ. ಮನೆಯಲ್ಲಿ ಹಿಂದಿನ ಸಲದ ಮಲೇರಿಯಾ ಮಾತ್ರೆ ಉಳಿದಿದೆಯೆಂದು ಎರಡು ನುಂಗಿ ಲ್ಯಾಬಿಗೆ ಹೋಗುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ರೋಗಾಣು ಪರೀಕ್ಷೆಯ ಕಣ್ಣಿಗೆ ಬೀಳದಷ್ಟು ಇಳಿಯುತ್ತದೆ, ಸಾಯುವುದಿಲ್ಲ.

ಜಾತಿ ಯಾವುದೆಂಬುದಕ್ಕೆ ಇಷ್ಟು ಹಟ ಏಕೆಂದರೆ ಔಷಧಿಯೇ ಬೇರೆ ಬೇರೆ. ವೈವ್ಯಾಕ್ಸ್‌ಗೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ 14 ದಿನ ಪ್ರೈಮಾಕ್ವಿನ್. ಫಾಲ್ಸಿಪಾರಂಗೆ ಕ್ಲೋರೋಕ್ವಿನ್ ನೆಚ್ಚುವಂತಿಲ್ಲ, ಆರ್ಟೆಮಿಸಿನಿನ್ ಸೇರಿದ ಜೋಡಿ ಔಷಧಿ ಮೂರು ದಿನ, ಪ್ರೈಮಾಕ್ವಿನ್ ಒಂದೇ ಸಲ. ಎರಡೂ ಜಾತಿ ಒಟ್ಟಿಗೆ ಇರುವುದೂ ಉಂಟು.

ವೈವ್ಯಾಕ್ಸ್‌ಗೆ 14 ದಿನದ ಮಾತ್ರೆ ಏಕೆ ಎನ್ನುವುದಕ್ಕೆ ಆ ಟೈಲ್ಸ್ ಹುಡುಗನೇ ಉತ್ತರ. ಮೂರನೆಯ ದಿನ ಜ್ವರ ನಿಂತಿತು, ಐದನೆಯ ದಿನ ಮಾತ್ರೆಯನ್ನೂ ನಿಲ್ಲಿಸಿದ. ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಚಳಿ. ಈ ಸಲ ಸೊಳ್ಳೆಯೇ ಕಚ್ಚಬೇಕೆಂದಿಲ್ಲ. ವೈವ್ಯಾಕ್ಸ್‌ನ ಒಂದು ಪಾಲು ಯಕೃತ್ತಿನಲ್ಲಿ ನಿದ್ದೆಯ ಸ್ಥಿತಿಯಲ್ಲಿ ಉಳಿದು, ವಾರಗಳ ಅಥವಾ ತಿಂಗಳುಗಳ ನಂತರ ಎದ್ದು ರಕ್ತಕ್ಕೆ ಇಳಿಯುತ್ತದೆ. ಕ್ಲೋರೋಕ್ವಿನ್‌ಗೆ ಅದನ್ನು ಮುಟ್ಟಲಾಗದು, ಪ್ರೈಮಾಕ್ವಿನ್‌ಗೆ ಸಾಧ್ಯ. ಆದರೆ ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಪ್ರೈಮಾಕ್ವಿನ್ ಕೊಡುವುದಿಲ್ಲ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಮೂತ್ರ ಕಪ್ಪುಚಹಾದ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು.

ಜ್ವರದ ಜೊತೆ ಮಂಪರು, ಮಾತು ತೊದಲುವಿಕೆ, ಫಿಟ್ಸ್, ಏದುಸಿರು, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ನುಂಗಿದ್ದೆಲ್ಲ ವಾಂತಿಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಮನೆಯಲ್ಲಿ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದವರು ಜ್ವರದ ಮೊದಲ ದಿನವೇ, ಮಾತ್ರೆ ನುಂಗುವ ಮೊದಲೇ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ‘ಮಲೇರಿಯಾಕ್ಕೆ ನೋಡಿ’ ಎಂದು ಹೆಸರು ಹೇಳಿಯೇ ರಕ್ತ ಕೊಡಿ, ವರದಿ ಬಂದಾಗ ಯಾವ ಜಾತಿ ಎಂದು ಕೇಳಿ. ಸರ್ಕಾರಿ ಕೇಂದ್ರಗಳಲ್ಲಿ ಈ ಪರೀಕ್ಷೆಯೂ ಔಷಧಿಯೂ ಉಚಿತ.