ಭಾನುವಾರ ಮೊದಲ ಮನೆಯೋ, ಕೊನೆಯ ಮನೆಯೋ?

2026ರ ಫೆಬ್ರುವರಿ ಒಂದನೇ ತಾರೀಕು ಭಾನುವಾರ. ಭಾನುವಾರದಿಂದ ವಾರ ಎಣಿಸುವ ನಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಆ ತಿಂಗಳ 28 ದಿನಗಳು ನಾಲ್ಕೇ ಸಾಲಿನಲ್ಲಿ, ಒಂದು ಮನೆಯೂ ಖಾಲಿ ಉಳಿಯದಂತೆ ಕೂರುತ್ತವೆ. ಅದೇ ತಿಂಗಳಿಗೆ ಜರ್ಮನಿಯ ಕ್ಯಾಲೆಂಡರಿನಲ್ಲಿ ಐದು ಸಾಲು ಬೇಕು. ಅಲ್ಲಿ ವಾರ ಸೋಮವಾರ ಶುರು. ಹಾಗಾಗಿ ಒಂದನೇ ತಾರೀಕು ಮೊದಲ ಸಾಲಿನ ಕಟ್ಟಕಡೆಯ ಮನೆಯಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಅದರ ಹಿಂದಿನ ಆರು ಮನೆ ಖಾಲಿ. ಮೇ ತಿಂಗಳಿಗೆ ಬಂದರೆ ಇದು ತಿರುಗುಮುರುಗು. ಮೇ 1 ಶುಕ್ರವಾರ, ತಿಂಗಳಿಗೆ 31 ದಿನ. ಅವರಿಗೆ ಐದು ಸಾಲು ಸಾಕಾಗುತ್ತದೆ, ನಮಗೆ ಆರು ಬೇಕಾಗುತ್ತದೆ.

ಹಾಳೆಯ ವಿನ್ಯಾಸ ಮಾಡುವವರಿಗೆ ತಲೆನೋವು ಈ ಆರನೇ ಸಾಲಿನದು. ಒಂದು ತಿಂಗಳಿಗೆಂದು ಮನೆಗಳ ಎತ್ತರ ಕುಗ್ಗಿಸಿದರೆ ಉಳಿದ ಹನ್ನೊಂದು ಹಾಳೆಗಳ ಜತೆ ಹೊಂದುವುದಿಲ್ಲ. ಬರೀ ತಾರೀಕು ಅಚ್ಚು ಮಾಡುವ ಕ್ಯಾಲೆಂಡರಾದರೆ ಒಂದೇ ಮನೆಯಲ್ಲಿ 24/31 ಎಂದು ಎರಡನ್ನೂ ಹಾಕಿ ಮುಗಿಸಬಹುದು. ಆದರೆ ತಿಥಿ, ನಕ್ಷತ್ರ, ಹಬ್ಬ ಎಲ್ಲವೂ ಇರುವ ನಮ್ಮ ಕ್ಯಾಲೆಂಡರಿನ ಮನೆಗೆ ಇನ್ನೊಂದು ದಿನವನ್ನು ತುರುಕಲು ಜಾಗವೆಲ್ಲಿ? ಅದಕ್ಕೇ 31ನೇ ತಾರೀಕನ್ನು ಎತ್ತಿ, ಮೊದಲ ಸಾಲಿನಲ್ಲಿ ಖಾಲಿ ಇರುವ ಭಾನುವಾರದ ಮನೆಯಲ್ಲಿ ಕೂರಿಸುತ್ತಾರೆ. ತಿಂಗಳ ಕೊನೆಯ ದಿನ ಒಂದನೇ ತಾರೀಕಿಗಿಂತ ಮುಂಚೆ ಕಾಣಿಸುತ್ತದೆ ನಿಜ, ಆದರೂ ವಾರ ತಪ್ಪುವುದಿಲ್ಲ. ವಾರದ ಹೆಸರುಗಳನ್ನು ಎಡಗಡೆ ಮೇಲಿನಿಂದ ಕೆಳಗೆ ಬರೆಯುವ ಕ್ಯಾಲೆಂಡರುಗಳಲ್ಲೂ ಲೆಕ್ಕ ಇದೇ, ಸಾಲಿನ ಬದಲು ಅಂಕಣ ಅಷ್ಟೆ. 31 ದಿನದ ತಿಂಗಳು ಶುಕ್ರವಾರವೋ ಶನಿವಾರವೋ ಶುರುವಾದರೆ ನಮಗೆ ಆರನೇ ಸಾಲು ಬೀಳುತ್ತದೆ, 30 ದಿನದ್ದಾದರೆ ಶನಿವಾರ ಶುರುವಾದಾಗ ಮಾತ್ರ. ಸೋಮವಾರದ ಕ್ಯಾಲೆಂಡರಿನಲ್ಲಿ ಈ ಲೆಕ್ಕವೆಲ್ಲ ಒಂದು ದಿನ ಮುಂದಕ್ಕೆ ಸರಿಯುತ್ತದೆ.

ಭಾನುವಾರ ಮೊದಲು ಎಂಬುದು ನಮ್ಮಲ್ಲಿ ಗ್ರಹಗಳ ಕ್ರಮದೊಂದಿಗೇ ಬಂದದ್ದು. ರವಿ, ಚಂದ್ರ, ಕುಜ ಎಂದೇ ಎಣಿಸುತ್ತೇವೆ. ಸೂರ್ಯಸಿದ್ಧಾಂತವೂ ಸೃಷ್ಟಿಯಿಂದ ಕಳೆದ ದಿನಗಳನ್ನು ಏಳರಿಂದ ಭಾಗಿಸಿ, ಶೇಷವನ್ನು ಸೂರ್ಯನಿಂದ ಎಣಿಸಿ ವಾರ ತಿಳಿಯಲು ಹೇಳುತ್ತದೆ. ಆದರೆ ಕಲಿಯುಗದ ಆರಂಭದಿಂದ ದಿನ ಎಣಿಸುವಾಗ ಅದೇ ಶೇಷವನ್ನು ಶುಕ್ರವಾರದಿಂದ ಎಣಿಸಬೇಕು, ಏಕೆಂದರೆ ಆ ಲೆಕ್ಕದಲ್ಲಿ ಕಲಿ ಶುರುವಾದದ್ದು ಶುಕ್ರವಾರ. ವಾರವೆಂಬುದು ಸುತ್ತುವ ಚಕ್ರ. ಎಲ್ಲಿಂದ ಎಣಿಸಬೇಕು ಎಂಬುದನ್ನು ಎಣಿಸುವವರು ಒಪ್ಪಿಕೊಳ್ಳಬೇಕು ಎಂಬುದು ಪಂಚಾಂಗದವರಿಗೂ ಗೊತ್ತಿದ್ದ ಸಂಗತಿ. ಇರಾನಿನಲ್ಲಿ ವಾರ ಶನಿವಾರ ಶುರುವಾಗಿ ಶುಕ್ರವಾರದ ರಜೆಗೆ ಮುಗಿಯುತ್ತದೆ. ಅಮೆರಿಕ, ಜಪಾನುಗಳ ಕ್ಯಾಲೆಂಡರುಗಳಲ್ಲಿ ಸಾಮಾನ್ಯವಾಗಿ ನಮ್ಮ ಹಾಗೆಯೇ ಭಾನುವಾರ ಮೊದಲು. ಜರ್ಮನಿ 1976ರಲ್ಲಿ ಸೋಮವಾರಕ್ಕೆ ಬದಲಾಯಿಸಿಕೊಂಡಿತು. 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವೂ ಸೋಮವಾರವನ್ನೇ ಹಿಡಿಯಿತು.

ಈ ಮಾನಕದಲ್ಲಿ ವಾರಕ್ಕೊಂದು ಸಂಖ್ಯೆಯೂ ಇದೆ, ನಿಜವಾದ ಪೇಚು ಶುರುವಾಗುವುದು ಅಲ್ಲಿಂದ. ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿ ಬರುತ್ತದೋ ಅದು ಒಂದನೇ ವಾರ. ಅಂದರೆ ವಾರದ ಏಳು ದಿನಗಳಲ್ಲಿ ಕನಿಷ್ಠ ನಾಲ್ಕು ಹೊಸ ವರ್ಷದಲ್ಲಿರಬೇಕು. ಎಕ್ಸೆಲ್‌ನ ಮಾಮೂಲಿ ಸೂತ್ರಕ್ಕೆ ಈ ನಿಯಮವಿಲ್ಲ. ಜನವರಿ 1 ಇರುವ ವಾರವೇ ಅದಕ್ಕೆ ಒಂದನೆಯದು, ವಾರ ಬದಲಾಗುವುದು ಭಾನುವಾರ.

ಬೆಂಗಳೂರಿನ ಒಂದು ಬಿಡಿಭಾಗಗಳ ಕಾರ್ಖಾನೆ ಜರ್ಮನಿಗೆ ಮಾಲು ಕಳಿಸುತ್ತದೆ ಎಂದುಕೊಳ್ಳಿ. ಅಲ್ಲಿನವರು ಆರ್ಡರಿನಲ್ಲಿ ತಾರೀಕು ಬರೆಯದೆ `KW 12` ಎಂದಷ್ಟೇ ಬರೆಯುವುದುಂಟು, ಹನ್ನೆರಡನೇ ವಾರ ಎಂದು. 2026ರಲ್ಲಿ ಯಾರಿಗೂ ತೊಂದರೆ ಕಾಣುವುದಿಲ್ಲ. ಆ ವರ್ಷದ ಜನವರಿ 1 ಗುರುವಾರವಾದ್ದರಿಂದ ಎರಡೂ ಪದ್ಧತಿಗಳ ಒಂದನೇ ವಾರದಲ್ಲಿ ಅದು ಸೇರುತ್ತದೆ. ಸೋಮವಾರದಿಂದ ಶನಿವಾರದವರೆಗೆ ಎರಡೂ ಕಡೆ ವಾರದ ಸಂಖ್ಯೆ ಒಂದೇ, ಭಾನುವಾರ ಮಾತ್ರ ಬೇರೆ. ಕಾರ್ಖಾನೆಗೆ ಭಾನುವಾರ ರಜೆ. ವರ್ಷವಿಡೀ ಸರಿಯಾಗಿ ನಡೆದ ಹಾಳೆಯನ್ನು ಮುಂದಿನ ವರ್ಷಕ್ಕೆ ಹಾಗೇ ನಕಲು ಮಾಡುತ್ತಾರೆ.

2027ರ ಜನವರಿ 1 ಶುಕ್ರವಾರ. ಆ ವಾರದ ಗುರುವಾರ ಹಿಂದಿನ ವರ್ಷಕ್ಕೆ ಸೇರಿದ್ದು. ಆದ್ದರಿಂದ ಜರ್ಮನಿಯವರಿಗೆ ಜನವರಿಯ ಮೊದಲ ಮೂರು ದಿನ ಇನ್ನೂ 2026ರ 53ನೇ ವಾರ, ಒಂದನೇ ವಾರ ಶುರುವಾಗುವುದು ಜನವರಿ 4ಕ್ಕೆ. ಎಕ್ಸೆಲ್ ಅಷ್ಟರಲ್ಲಿ ಎರಡನೇ ವಾರದಲ್ಲಿರುತ್ತದೆ. ಅಲ್ಲಿಂದ ಡಿಸೆಂಬರಿನವರೆಗೂ ಒಂದು ವಾರದ ವ್ಯತ್ಯಾಸ ಉಳಿದೇ ಇರುತ್ತದೆ. ಮಾರ್ಚ್ 15, ಸೋಮವಾರಕ್ಕೆ ಸೂತ್ರ ಹಾಕಿ ನೋಡಿ:

```
=WEEKNUM(A2)      12
=WEEKNUM(A2,2)    12
=ISOWEEKNUM(A2)   11
```

ಎರಡನೇ ಸಾಲು ಗಮನಿಸಬೇಕಾದದ್ದು. ಸೋಮವಾರದಿಂದ ಎಣಿಸು ಎಂದು 2 ಸೇರಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ಒಂದನೇ ವಾರ ಯಾವುದು ಎಂಬ ನಿಯಮ ಅದರಿಂದ ಬದಲಾಗುವುದಿಲ್ಲ, ಉತ್ತರ ಮತ್ತೆ 12. ಜರ್ಮನಿಯ ಹನ್ನೆರಡನೇ ವಾರ ಮಾರ್ಚ್ 22ರಿಂದ 28. ಅವರು ಕಳಿಸಿದ ಆರ್ಡರನ್ನು ನಾವು ನಮ್ಮ ಹಾಳೆಯಲ್ಲಿ ಓದಿದರೆ ಮಾಲು ಒಂದು ವಾರ ಮುಂಚೆ ಹೋಗಿ ಗೋದಾಮಿನಲ್ಲಿ ಕಾಯುತ್ತದೆ. ನಮ್ಮ ಹಾಳೆಯ ಹತ್ತನೇ ವಾರವನ್ನು ಅವರಿಗೆ ತಿಳಿಸಿದರೆ ಅವರು ಲಾರಿ ಕಳಿಸುವುದು ಒಂದು ವಾರ ತಡವಾಗಿ. ಅನುಮಾನ ಬಂದರೆ ಜನವರಿ 4ನ್ನು ಪರೀಕ್ಷಿಸಿ: ಐಎಸ್‌ಒ ಲೆಕ್ಕದಲ್ಲಿ ಅದು ಯಾವ ವರ್ಷವಾದರೂ ಒಂದನೇ ವಾರದಲ್ಲೇ ಇರುತ್ತದೆ. ಬೇರೆ ಸಂಖ್ಯೆ ಬಂದರೆ ಸೂತ್ರ ಬೇರೆಯದು ಎಂದರ್ಥ.

ವಿದೇಶದ ಗೊಡವೆಯೇ ಇಲ್ಲದ ಬಟ್ಟೆ ಅಂಗಡಿಯಲ್ಲೂ ವಾರದ ಆರಂಭ ವರದಿಯನ್ನು ಬದಲಿಸುತ್ತದೆ. 2026ರ ನರಕ ಚತುರ್ದಶಿ ನವೆಂಬರ್ 8, ಭಾನುವಾರ. ದಿನಕ್ಕೆ ಒಂದು ಲಕ್ಷ ರೂಪಾಯಿ ವ್ಯಾಪಾರದ ಅಂಗಡಿಯಲ್ಲಿ ಹಬ್ಬದ ಹಿಂದಿನ ಶನಿವಾರ ನಾಲ್ಕು ಲಕ್ಷ, ಭಾನುವಾರ ಮೂರು ಲಕ್ಷ ಆಯಿತೆಂದು ಇಟ್ಟುಕೊಳ್ಳೋಣ. ಭಾನುವಾರದಿಂದ ಎಣಿಸಿದರೆ ಹಬ್ಬ ಎರಡು ವಾರಕ್ಕೆ ಹಂಚಿಹೋಗುತ್ತದೆ: ಮೊದಲ ವಾರ ಹತ್ತು ಲಕ್ಷ, ಮರುವಾರ ಒಂಬತ್ತು. ಸೋಮವಾರದಿಂದ ಎಣಿಸಿದರೆ ಎರಡೂ ದಿನ ಒಂದೇ ವಾರದಲ್ಲಿ: ಮೊದಲ ವಾರ ಹನ್ನೆರಡು ಲಕ್ಷ, ಮರುವಾರ ಏಳು. ಗಲ್ಲಾಪೆಟ್ಟಿಗೆಗೆ ಬಂದ ಹಣ ಒಂದೇ. ಒಂದು ವರದಿ ವ್ಯಾಪಾರ ಸ್ವಲ್ಪ ಇಳಿಯಿತು ಎನ್ನುತ್ತದೆ, ಇನ್ನೊಂದು ಕುಸಿಯಿತು ಎನ್ನುತ್ತದೆ. ನನ್ನ ಮಟ್ಟಿಗೆ ಅಂಗಡಿಗಳಿಗೆ ಸೋಮವಾರವೇ ವಾಸಿ. ಗಿರಾಕಿಗಳು ಒಟ್ಟಾಗಿ ಬರುವ ಶನಿವಾರ ಭಾನುವಾರವನ್ನು ಅದು ತುಂಡು ಮಾಡುವುದಿಲ್ಲ.

ಯಾವುದನ್ನೇ ಆರಿಸಿಕೊಂಡರೂ ವರದಿಯಲ್ಲಿ ಬರೀ ವಾರದ ಸಂಖ್ಯೆ ಬರೆಯದೆ ವಾರ ಶುರುವಾದ ತಾರೀಕನ್ನೇ ಬರೆಯಬೇಕು. ಸೋಮವಾರದ ತಾರೀಕು ಬೇಕಿದ್ದರೆ ಮೊದಲ ಸೂತ್ರ, ಭಾನುವಾರದ್ದಾದರೆ ಎರಡನೆಯದು:

```
=A2-WEEKDAY(A2,2)+1
=A2-WEEKDAY(A2)+1
```

ನಡುವೆ ಪದ್ಧತಿ ಬದಲಾಯಿಸುವವರು ಹಳೆಯ ವಾರಗಳನ್ನೂ ಹೊಸ ಲೆಕ್ಕಕ್ಕೆ ತರಬೇಕು, ಇಲ್ಲದಿದ್ದರೆ ಕಳೆದ ವರ್ಷದ ಜತೆ ಹೋಲಿಸಲಾಗದು. ದಿನದಿನದ ವ್ಯಾಪಾರದ ಅಂಕಿ ಇದ್ದರೆ ಮತ್ತೆ ಕೂಡಿದರಾಯಿತು. ವಾರದ ಮೊತ್ತವನ್ನಷ್ಟೇ ಉಳಿಸಿಕೊಂಡು ದಿನದ ಲೆಕ್ಕ ಅಳಿಸಿದ್ದರೆ, ಅದರೊಳಗಿಂದ ಒಂದು ಭಾನುವಾರವನ್ನು ಬಿಡಿಸಿ ಪಕ್ಕದ ವಾರಕ್ಕೆ ಸೇರಿಸಲು ಯಾವ ಸೂತ್ರವೂ ಇಲ್ಲ.